ಅಮ್ಮನ ಖಾತೆಗೆ ಮರು-ಕೆವೈಸಿ ನೋಟಿಸ್: ವಿಡಿಯೋ ಕರೆ ಮೂರು ಸಲ ಫೇಲ್, ಈಗೇನು ದಾರಿ?

ಬೆಣ್ಣೆದೋಸೆ

ನಮ್ಮಮ್ಮನ ಉಳಿತಾಯ ಖಾತೆ 2016ರ ಫೆಬ್ರವರಿಯಲ್ಲಿ ದಾವಣಗೆರೆಯ ಶಾಖೆಯಲ್ಲಿ ತೆರೆದದ್ದು. ಕುಟುಂಬ ಪಿಂಚಣಿ ಅದಕ್ಕೇ ಬರುತ್ತೆ, ಅಲ್ಲೇ ಎರಡು ಎಫ್‌ಡಿ ಇವೆ, ಆರೋಗ್ಯ ವಿಮೆಯ ಕಂತು ಅದರಿಂದಲೇ ಕಡಿತ ಆಗುತ್ತೆ. ಈಗ ಎರಡು ವರ್ಷದಿಂದ ಅಮ್ಮ ಬೆಂಗಳೂರಲ್ಲಿ ನಮ್ಮ ಜೊತೆ ಇದ್ದಾರೆ. ಆಧಾರ್‌ನಲ್ಲಿ ಇನ್ನೂ ದಾವಣಗೆರೆ ವಿಳಾಸವೇ ಇದೆ.

ಬ್ಯಾಂಕಿನಿಂದ ಒಂದು ಅಂಚೆ ಪತ್ರ, ಎರಡು ಎಸ್ಸೆಮ್ಮೆಸ್ ಬಂದಿವೆ. ಪತ್ರದಲ್ಲಿ ಕೆವೈಸಿ ನವೀಕರಣದ ಕೊನೆಯ ದಿನ 14-02-2026, ಮಾಡಿಸದಿದ್ದರೆ "ವಹಿವಾಟಿಗೆ ನಿರ್ಬಂಧ ಬರಬಹುದು" ಅಂತಿದೆ. ಅಮ್ಮನಿಗೆ ಮಂಡಿನೋವು, ಹಾಗಾಗಿ ಆ್ಯಪ್‌ನಲ್ಲಿ ವಿಡಿಯೋ ಕೆವೈಸಿ ಮಾಡಿಸೋಣ ಅಂತ ಹೊರಟೆ. ಮೊದಲ ಸಲ ಆಧಾರ್ ಒಟಿಪಿ ನನ್ನ ಫೋನಿಗೆ ಬಂತು, ಹಾಕಿದರೆ ಸಂಖ್ಯೆ ಹೊಂದಿಕೆಯಾಗುತ್ತಿಲ್ಲ ಅಂತ ನಿಂತಿತು. ಎರಡನೇ ಸಲ ಡಿಜಿಲಾಕರ್ ಮೂಲಕ ಹೋದೆವು, ಅಧಿಕಾರಿ ಬಂದರು, ನಾಲ್ಕೈದು ಪ್ರಶ್ನೆ ಕೇಳಿದರು, ಆಮೇಲೆ ಏನೂ ಕಾರಣ ಹೇಳದೆ "ತಿರಸ್ಕೃತ". ಮೂರನೇ ಸಲ ಪ್ಯಾನ್ ಕಾರ್ಡ್ ತೋರಿಸುವಾಗ ಕರೆ ಕಟ್.

ಇನ್ನು ಮೂರು ವಾರ ಇದೆ. ಬೇರೆ ಏನು ದಾಖಲೆ ಬೇಕು? ಸುಮ್ಮನೆ ಬಿಟ್ಟರೆ ಪಿಂಚಣಿ ನಿಲ್ಲುತ್ತಾ?

ಸೀದಾಮಾತು

ತಲೆ ಕೆಡಿಸ್ಕೋಬೇಡಿ. ಆರ್‌ಬಿಐ 2026ರ ಜೂನ್ 30ರ ತನಕ ಎಲ್ಲರಿಗೂ ಟೈಮ್ ಕೊಟ್ಟಿದೆ. ಅಲ್ಲೀವರೆಗೆ ಯಾವ ಬ್ಯಾಂಕೂ ಖಾತೆ ಮುಟ್ಟೋ ಹಾಗಿಲ್ಲ. ಆ ಪತ್ರ ಸುಮ್ಮನೆ ಹೆದರಿಸೋಕೆ.

ಪಿಂಚಣಿದಾರ

ನವೆಂಬರಿನಲ್ಲಿ ಜೀವನ ಪ್ರಮಾಣ ಕೊಟ್ಟಿರುತ್ತಾರಲ್ಲ, ಅದರಲ್ಲೇ ಬೆರಳಚ್ಚು, ಆಧಾರ್ ಎಲ್ಲ ಆಗಿದೆ. ಅದೇ ಸಾಕಾಗಬೇಕು. ಮತ್ತೆ ಯಾಕೆ ಕೇಳುತ್ತಾರೋ.

ಕೌಂಟರ್ ನಂ. 4

ಮೊದಲು ಹಿರಿಯರ ಮಾತಿಗೆ ಉತ್ತರ. ಜೀವನ ಪ್ರಮಾಣ ಹೋಗುವುದು ಪಿಂಚಣಿ ಕೊಡುವವರಿಗೆ, ಪಿಂಚಣಿದಾರರು ಬದುಕಿದ್ದಾರೆ ಅನ್ನುವುದಕ್ಕೆ. ಕೆವೈಸಿ ಖಾತೆಯ ಗ್ರಾಹಕರ ಗುರುತು, ವಿಳಾಸದ ದಾಖಲೆ. ಒಂದು ಕೊಟ್ಟರೆ ಇನ್ನೊಂದು ಆದಂತೆ ಅಲ್ಲ ಸರ್, ಒಂದೇ ಕೌಂಟರಿನಲ್ಲಿ ಕೊಟ್ಟರೂ ಅಷ್ಟೇ.

ಸೀದಾಮಾತು ಹೇಳಿದ್ದರಲ್ಲಿ ಅರ್ಧ ಸರಿ. 2025ರ ಜೂನ್ 12ರ ಆರ್‌ಬಿಐ ತಿದ್ದುಪಡಿ ಹೇಳುವುದು ಕಡಿಮೆ ಅಪಾಯದ ವರ್ಗದಲ್ಲಿರುವ ವ್ಯಕ್ತಿಗಳ ಬಗ್ಗೆ ಮಾತ್ರ. ಅವರಿಗೆ ನವೀಕರಣದ ದಿನ ಕಳೆದರೂ ಬ್ಯಾಂಕ್ ಎಲ್ಲ ವಹಿವಾಟಿಗೂ ಅವಕಾಶ ಕೊಡಬೇಕು, ಮತ್ತು ಆ ದಿನದಿಂದ ಒಂದು ವರ್ಷದೊಳಗೆ ಅಥವಾ 2026ರ ಜೂನ್ 30ರೊಳಗೆ, ಇವೆರಡರಲ್ಲಿ ಯಾವುದು ತಡವೋ ಅದರೊಳಗೆ, ನವೀಕರಣ ಮುಗಿಸಿಕೊಳ್ಳಬೇಕು. ಉದಾಹರಣೆಗೆ 2024ರ ಮಾರ್ಚಿನಲ್ಲೇ ಬಾಕಿಯಾಗಿದ್ದ ಖಾತೆಗೆ ಒಂದು ವರ್ಷ ಈಗಾಗಲೇ ಕಳೆದಿದೆ, ಹಾಗಾಗಿ ಜೂನ್ 30 ಅನ್ವಯ. ಇವರ ತಾಯಿಯ ಖಾತೆಗೆ ಬಾಕಿ ದಿನ 2026ರ ಫೆಬ್ರವರಿ 14. ಒಂದು ವರ್ಷ ಅಂದರೆ 2027ರ ಫೆಬ್ರವರಿ 14. ಅದು ತಡದ್ದು, ಹಾಗಾಗಿ ಅದೇ ಅನ್ವಯ. ಆ ಖಾತೆ ಕಡಿಮೆ ಅಪಾಯದ ವರ್ಗದಲ್ಲಿದ್ದರೆ, ಅಷ್ಟೇ.

ಇದ್ದರೆ ಅನ್ನುವುದು ಯಾಕೆಂದರೆ ಆ ವರ್ಗ ಯಾವುದು ಅಂತ ಬ್ಯಾಂಕ್ ನಿಮಗೆ ಹೇಳುವುದಿಲ್ಲ, ಹೇಳುವ ಹಾಗೂ ಇಲ್ಲ. ಆದರೆ ಲೆಕ್ಕ ಹಾಕಿ ಅಂದಾಜು ಮಾಡಬಹುದು. ಹೆಚ್ಚು ಅಪಾಯದವರಿಗೆ ಕನಿಷ್ಠ 2 ವರ್ಷಕ್ಕೊಮ್ಮೆ, ಮಧ್ಯಮದವರಿಗೆ 8 ವರ್ಷಕ್ಕೊಮ್ಮೆ, ಕಡಿಮೆಯವರಿಗೆ 10 ವರ್ಷಕ್ಕೊಮ್ಮೆ ನವೀಕರಣ. ಇಲ್ಲಿ ಖಾತೆ ತೆರೆದದ್ದು 2016ರ ಫೆಬ್ರವರಿ, ಬಾಕಿ ದಿನ 2026ರ ಫೆಬ್ರವರಿ. ಸರಿಯಾಗಿ ಹತ್ತು ವರ್ಷ. ಹಾಗಾಗಿ ಕಡಿಮೆ ಅಪಾಯದ ವರ್ಗ ಅನ್ನುವುದು ನನ್ನ ಅಂದಾಜು.

ಧಾರವಾಡದಾಂವ

ಒಂದ್ ವರ್ಷ ಟೈಮ್ ಅಂತೀರಿ, ನಮ್ ತಮ್ಮಂದು ಖಾತಿ ಒಂದ್ ವರ್ಷ ಆಗೂದ್ರಾಗ ಬಂದ್ ಮಾಡ್ಯಾರ್ರೀ. ಮೊಬೈಲ್‌ದಾಗ ಹತ್ತು ನಿಮಿಷದಾಗ ತೆರದಿದ್ದ. ಹತ್ತು ವರ್ಷ ಎಲ್ಲಿಂದ ಬಂತು?

ಕೌಂಟರ್ ನಂ. 4

ಅದು ಬೇರೆ ಜಾತಿಯ ಖಾತೆ ರೀ. ಬರೀ ಆಧಾರ್ ಒಟಿಪಿ ಮೇಲೆ, ಮುಖಾಮುಖಿ ಇಲ್ಲದೆ, ವಿಡಿಯೋನೂ ಇಲ್ಲದೆ ತೆರೆದ ಖಾತೆಗೆ ಒಂದೇ ವರ್ಷ ಆಯುಸ್ಸು. ಅಷ್ಟರೊಳಗೆ ಶಾಖೆಯಲ್ಲೋ ವಿಡಿಯೋದಲ್ಲೋ ಪೂರ್ತಿ ಕೆವೈಸಿ ಮಾಡಿಸದಿದ್ದರೆ ಆ ಖಾತೆಯನ್ನೇ ಮುಚ್ಚುತ್ತಾರೆ. ಅದರಲ್ಲಿ ಒಟ್ಟು ಶಿಲ್ಕು 1 ಲಕ್ಷ ದಾಟುವ ಹಾಗಿಲ್ಲ, ಒಂದು ಹಣಕಾಸು ವರ್ಷದಲ್ಲಿ ಜಮೆ 2 ಲಕ್ಷ ದಾಟುವ ಹಾಗಿಲ್ಲ. ನಿಮ್ಮ ತಮ್ಮನದ್ದು ನವೀಕರಣ ಅಲ್ಲ, ಶುರುವಿನ ಕೆವೈಸಿಯೇ ಅರ್ಧಕ್ಕೆ ನಿಂತದ್ದು. ಅವರು ಆಧಾರ್, ಪ್ಯಾನ್ ಹಿಡಿದು ಶಾಖೆಗೆ ಹೋಗಿ ವಿಚಾರಿಸಲಿ.

ಬೆಣ್ಣೆದೋಸೆ

ಹಾಗಾದರೆ ನಮಗೆ ಹೆದರಿಕೆ ಇಲ್ಲ ಅಂತಾಯ್ತು. ಆದರೂ ವಿಡಿಯೋ ಯಾಕೆ ಫೇಲ್ ಆಯ್ತು ಅಂತ ತಿಳಿಯಬೇಕಿತ್ತು. ಎರಡನೇ ಸಲ ಎಲ್ಲ ಸರಿಯಾಗೇ ಇತ್ತು. ಅಮ್ಮನಿಗೆ ಹುಟ್ಟಿದ ದಿನಾಂಕ ತಕ್ಷಣ ನೆನಪಾಗಲಿಲ್ಲ, ನಾನು ಪಕ್ಕದಿಂದ ಹೇಳಿಕೊಟ್ಟೆ, ಅವರು ಹೇಳಿದರು.

ನೆಟ್‌ವರ್ಕ್ ಇಲ್ಲ

ಅಲ್ಲೇ ಇದೆ ನಿಮ್ಮ ಉತ್ತರ. ಹೇಳಿಕೊಟ್ಟರೆ ತಿರಸ್ಕಾರ. ಅಧಿಕಾರಿಯ ಕೋಪ ಅಂದ್ಕೋಬೇಡಿ, ನಿಯಮದಲ್ಲೇ ಇದೆ: ಗ್ರಾಹಕರ ಕಡೆ ಯಾರಾದರೂ ಹೇಳಿಕೊಡುತ್ತಿರುವುದು ಕಂಡರೆ ಪ್ರಕ್ರಿಯೆ ಅಲ್ಲಿಗೆ ರದ್ದು. ಬಲವಂತದಿಂದ ಕೂರಿಸಿ ಮಾಡಿಸುತ್ತಿದ್ದಾರಾ ಅಂತ ಅವರು ನೋಡೋದೇ ಹೀಗೆ. ಪ್ರಶ್ನೆಗಳ ಕ್ರಮವನ್ನೂ ಬೇಕಂತಲೇ ಬದಲಿಸುತ್ತಾರೆ, ಮೊದಲೇ ರೆಕಾರ್ಡ್ ಮಾಡಿದ ವಿಡಿಯೋ ಓಡಿಸಬಾರದು ಅಂತ. ಅಮ್ಮನ ಕಣ್ಣು ಕ್ಯಾಮೆರಾ ಬಿಟ್ಟು ಎಡಕ್ಕೆ ಹೋಗಿ, ಎರಡು ಸೆಕೆಂಡ್ ನಿಂತು, ಆಮೇಲೆ ಉತ್ತರ ಬಂದರೆ ಆ ಕಡೆ ಕೂತವರಿಗೆ ನೀವು ಕಾಣಬೇಕಾಗೇ ಇಲ್ಲ.

ಮೊದಲ ಸಂಪರ್ಕಕ್ಕೆ ಸಹಾಯ ಮಾಡಿ, ಫೋನ್ ನಿಲ್ಲಿಸಿಕೊಡಿ, ಅಧಿಕಾರಿ ಮುಖ ಕಂಡ ಮೇಲೆ ಕೋಣೆಯಿಂದ ಆಚೆ ಹೋಗಿ. ಬಾಗಿಲು ಹಾಕಿದರೂ ಒಳ್ಳೇದೇ. ದಿನಾಂಕ ನೆನಪಾಗದಿದ್ದರೆ "ನೆನಪಾಗ್ತಿಲ್ಲ, ಒಂದ್ನಿಮಿಷ ಕೊಡಿ" ಅಂತ ಅಮ್ಮನೇ ಹೇಳಲಿ, ಅದಕ್ಕೆ ಯಾರೂ ತಿರಸ್ಕರಿಸಲ್ಲ. ಭಾಷೆ ಆರಿಸೋ ಜಾಗ ಆ್ಯಪ್‌ನಲ್ಲಿದ್ದರೆ ಕನ್ನಡ ಒತ್ತಿ. ಎಷ್ಟೋ ಸಲ ಹಿಂದಿ ಅರ್ಥವಾಗದೆ ಮಗನ ಮುಖ ನೋಡೋದೇ ಹೇಳಿಕೊಟ್ಟಂತೆ ಕಾಣುತ್ತೆ.

ಇನ್ನೊಂದು, ಹಿಂದೆ ತಿರಸ್ಕೃತವಾದ ಪ್ರಕರಣ ಅನ್ನೋದನ್ನ ಮುಂದಿನ ಸಲ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಹಾಗಾಗಿ ನಾಲ್ಕನೇ ಸಲ ಸ್ವಲ್ಪ ಹೆಚ್ಚೇ ಕೆದಕಬಹುದು. ಸುಮ್ಮನೆ ಮತ್ತೆ ಮತ್ತೆ ಒತ್ತುತ್ತಾ ಕೂರಬೇಡಿ.

ಮಂಗಳಗೌರಿ

ಮೊದಲ ಸಲದ್ದು ನನಗೆ ಹೆಚ್ಚು ಮುಖ್ಯ ಅನಿಸುತ್ತೆ. ಬೆಣ್ಣೆದೋಸೆ ಅವರೇ, ಅಮ್ಮನ ಆಧಾರ್‌ಗೆ ಜೋಡಿಸಿದ್ದು ನಿಮ್ಮ ನಂಬರು, ಬ್ಯಾಂಕಿನಲ್ಲಿರುವುದು ಅವರ ನಂಬರು ಅಲ್ಲವಾ?

ಬೆಣ್ಣೆದೋಸೆ

ಹೌದು ಮೇಡಂ. ಆಧಾರ್ ಮಾಡಿಸುವಾಗ ಅಮ್ಮನ ಬಳಿ ಫೋನ್ ಇರಲಿಲ್ಲ.

ಮಂಗಳಗೌರಿ

ಅದೇ ತೊಡಕು. ಆಧಾರ್ ಒಟಿಪಿಯಿಂದ ನವೀಕರಣ ಮಾಡುವಾಗ, ಒಟಿಪಿ ಬರುವ ಸಂಖ್ಯೆಯೂ ಬ್ಯಾಂಕಿನ ಕಡತದಲ್ಲಿರುವ ಸಂಖ್ಯೆಯೂ ಒಂದೇ ಇರಬೇಕು ಅಂತ ಆರ್‌ಬಿಐ ನಿರ್ದೇಶನದಲ್ಲೇ ಇದೆ. ವಂಚನೆ ತಡೆಯೋಕೆ. ಅಮ್ಮನ ಬದಲು ಬೇರೆ ಯಾರೋ ತಮ್ಮ ಫೋನಿನಿಂದ ಮಾಡಿಬಿಡಬಾರದಲ್ಲ. ಆ ಮಾತು ಬರೆದಿರುವುದು ವಿಡಿಯೋ ಇಲ್ಲದ ಒಟಿಪಿ ದಾರಿಗೆ, ಆದರೆ ನಿಮ್ಮ ಬ್ಯಾಂಕಿನ ಆ್ಯಪ್ ವಿಡಿಯೋಗೂ ಅದೇ ಬಾಗಿಲು ಇಟ್ಟಂತಿದೆ. ಆಧಾರ್ ಕೇಂದ್ರಕ್ಕೆ ಹೋಗಿ ಅಮ್ಮನ ನಂಬರು ಜೋಡಿಸುವ ತನಕ ಈ ದಾರಿ ತೆರೆಯಲ್ಲ, ಎಷ್ಟು ಸಲ ಒತ್ತಿದರೂ.

ಇನ್ನೊಂದು ಕೇಳಬೇಕು. ಪ್ಯಾನ್‌ನಲ್ಲಿ ಹೆಸರು ಹೇಗಿದೆ?

ಬೆಣ್ಣೆದೋಸೆ

ಬ್ಯಾಂಕ್, ಆಧಾರ್ ಎರಡರಲ್ಲೂ `GIRIJA K S`. ಪ್ಯಾನ್‌ನಲ್ಲಿ `GIRIJA SHIVANNA`. ಶಿವಣ್ಣ ಅಂದರೆ ನಮ್ಮ ತಾತ.

ಮಂಗಳಗೌರಿ

ಅಂದ್ಕೊಂಡೆ. ನಮ್ಮ ಕಡೆಯವರ ಇನಿಷಿಯಲ್ ಸಮಸ್ಯೆ. ಊರಿನ ಹೆಸರೊಂದು ಅಕ್ಷರ, ತಂದೆಯ ಹೆಸರೊಂದು ಅಕ್ಷರ. ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್ ಒಪ್ಪಲ್ಲ, ಬಿಡಿಸಿ ಬರೆಯಬೇಕು. ಆಗ ಯಾರೋ ಕೆ ಬಿಟ್ಟು ಎಸ್ ಮಾತ್ರ ಬಿಡಿಸಿದ್ದಾರೆ. ನವೀಕರಣದ ಹೊತ್ತಿಗೆ ಬ್ಯಾಂಕ್ ಪ್ಯಾನನ್ನು ಆದಾಯ ತೆರಿಗೆಯವರ ದತ್ತಾಂಶದ ಜೊತೆ ತಾಳೆ ನೋಡಲೇಬೇಕು. ಹೊಂದದಿದ್ದರೆ ವಿಡಿಯೋದ ಅಧಿಕಾರಿ ಅಲ್ಲೇ ತೀರ್ಮಾನ ಮಾಡೋ ಸ್ಥಿತಿಯಲ್ಲಿ ಇರಲ್ಲ, ಬಿಟ್ಟುಬಿಡ್ತಾರೆ. ಶಾಖೆಯಲ್ಲಾದರೆ ಇಬ್ಬರೂ ಒಬ್ಬರೇ ಅಂತ ಬರೆದುಕೊಟ್ಟ ಘೋಷಣೆಯನ್ನು ಮ್ಯಾನೇಜರು ನೋಡಿ ತಗೊಳ್ಳಬಹುದು, ತಗೊಳ್ಳದೇ ಇರಬಹುದು. ಖಚಿತವಾದ ಪರಿಹಾರ ಅಂದ್ರೆ ಪ್ಯಾನ್ ಹೆಸರನ್ನ ಆಧಾರ್‌ಗೆ ಸರಿಹೊಂದುವಂತೆ ತಿದ್ದಿಸೋದು.

ನೆಟ್‌ವರ್ಕ್ ಇಲ್ಲ

ಮೂರನೇ ಸಲದ್ದಕ್ಕೆ ನಾನು ಹೇಳ್ತೀನಿ. ಕರೆ ಕಟ್ ಆದರೆ ಅಲ್ಲಿಂದ ಮುಂದುವರಿಸೋ ಹಾಗಿಲ್ಲ, ಹೊಸದಾಗಿ ಶುರು ಮಾಡಬೇಕು. ಹಾಗಾಗಿ ಮಧ್ಯೆ ಕಟ್ ಆಗೋದೇ ದೊಡ್ಡ ನಷ್ಟ. ಕರೆಗೆ ಕೂರೋ ಮುಂಚೆ ಆ ಫೋನಿಗೆ ಬೇರೆ ಕರೆ ಬಂದರೆ ವಿಡಿಯೋ ನಿಲ್ಲದ ಹಾಗೆ ನೋಡಿಕೊಳ್ಳಿ, ಮನೆಯ ವೈಫೈ ಹತ್ತಿರ ಕೂರಿ.

ಪ್ಯಾನ್ ಕಾರ್ಡು ಅಸಲಿಯೇ ಬೇಕು, ಜೆರಾಕ್ಸ್ ಆಗಲ್ಲ, ಫೋನಲ್ಲಿ ತೆಗೆದ ಫೋಟೋನೂ ಆಗಲ್ಲ. ಇ-ಪ್ಯಾನ್ ಇದ್ದರೆ ಅದನ್ನು ಕೊಡಬಹುದು. ಹಳೇ ಕಾರ್ಡಿಗೆ ಲ್ಯಾಮಿನೇಷನ್ ಇದ್ದರೆ ನೆತ್ತಿಯ ಮೇಲಿನ ಟ್ಯೂಬ್‌ಲೈಟ್ ಅದರ ಮೇಲೆ ಬಿಳಿ ಪಟ್ಟಿಯಾಗಿ ಬಿದ್ದು ಸಂಖ್ಯೆಯ ಮಧ್ಯದ ನಾಲ್ಕಕ್ಷರ ಕಾಣಲ್ಲ. ಕಾರ್ಡನ್ನ ಸ್ವಲ್ಪ ಕೆಳಕ್ಕೆ ಬಾಗಿಸಿ ಹಿಡಿದರೆ ಆ ಪಟ್ಟಿ ಜಾರಿ ಹೋಗುತ್ತೆ. ಕಿಟಕಿ ಮುಂದಿರಲಿ, ಬೆನ್ನ ಹಿಂದೆ ಬೇಡ. ಬಿಳಿ ಹಾಳೆ, ಪೆನ್ನು ಹತ್ತಿರ ಇಟ್ಟುಕೊಳ್ಳಿ, ಬಹಳ ಬ್ಯಾಂಕುಗಳು ಕ್ಯಾಮೆರಾ ಮುಂದೆಯೇ ಸಹಿ ಹಾಕಿಸುತ್ತವೆ. ಲೊಕೇಷನ್ ಆನ್ ಇರಬೇಕು, ಏಕೆಂದರೆ ಕರೆಯಲ್ಲಿ ಜಿಪಿಎಸ್ ಸ್ಥಾನ, ದಿನಾಂಕ, ಸಮಯ ದಾಖಲಾಗುತ್ತೆ. ಮಕ್ಕಳು ಫೋನಿಗೆ ವಿಪಿಎನ್ ಹಾಕಿದ್ದರೆ ತೆಗೀರಿ. ಭಾರತದ ಹೊರಗಿನ ಐಪಿ ಅಂತ ಕಂಡರೆ ಸಿಸ್ಟಮ್ಮೇ ತಡೆಯುತ್ತೆ.

ಆಧಾರ್ ಆಫ್‌ಲೈನ್ ಫೈಲ್ ಕೊಡೋರಿಗೆ: ಅದು ಮೂರು ಕೆಲಸದ ದಿನಕ್ಕಿಂತ ಹಳೇದಿರಬಾರದು. ಹೋದ ತಿಂಗಳು ಇಳಿಸಿಕೊಂಡದ್ದು ಫೋನಲ್ಲಿದೆ ಅಂತ ಅದನ್ನೇ ಹಾಕಿ ಮೂರ್ಹೊತ್ತೂ ಬೈತಾ ಕೂರ್ತಾರೆ.

ಪಿಂಚಣಿದಾರ

ನಮಗೆ ಕಣ್ಣು ಮಿಟುಕಿಸಿ, ತಲೆ ತಿರುಗಿಸಿ ಅಂತೆಲ್ಲ ಹೇಳುತ್ತಾರೆ. ಕಣ್ಣಿನ ಶಸ್ತ್ರಚಿಕಿತ್ಸೆ ಆದವರು ಏನು ಮಾಡಬೇಕು?

ಕೌಂಟರ್ ನಂ. 4

ನಿಮ್ಮ ಪ್ರಶ್ನೆ ಸುಪ್ರೀಂ ಕೋರ್ಟಿಗೇ ಹೋಗಿತ್ತು ಸರ್. ಆಸಿಡ್ ದಾಳಿಗೊಳಗಾದವರು, ದೃಷ್ಟಿ ಇಲ್ಲದವರು ಹೂಡಿದ ಅರ್ಜಿಗಳ ಮೇಲೆ 2025ರ ಏಪ್ರಿಲ್ 30ರಂದು ತೀರ್ಪು ಬಂತು. ಆ ವರ್ಷ ಆಗಸ್ಟಿನಲ್ಲಿ ಆರ್‌ಬಿಐ, ಜೀವಂತಿಕೆಯ ಪರೀಕ್ಷೆಯಿಂದ ವಿಶೇಷ ಅಗತ್ಯವುಳ್ಳವರು ಹೊರಗುಳಿಯಬಾರದು ಅಂತ ಸೇರಿಸಿತು. ಅಧಿಕಾರಿಗೆ ಮೊದಲೇ ಹೇಳಿ, ಬೇರೆ ರೀತಿ ಪರೀಕ್ಷಿಸಲಿ. ಕಣ್ಣು ಮಿಟುಕಿಸಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಯಾಂತ್ರಿಕವಾಗಿ ತಿರಸ್ಕರಿಸಿದರೆ ಅದನ್ನು ಪ್ರಶ್ನಿಸಬಹುದು.

ಈಗ ಬೆಣ್ಣೆದೋಸೆ ಅವರಿಗೆ ನನ್ನ ಮುಖ್ಯ ಮಾತು. ನೀವು ವಿಡಿಯೋ ಹಿಂದೆ ಬಿದ್ದಿರುವುದೇ ತಪ್ಪು ದಾರಿ. ಪತ್ರದಲ್ಲಿ ವಿಡಿಯೋನೇ ಮಾಡಿಸಿ ಅಂತ ಇರಲಾರದು, ಮತ್ತೊಮ್ಮೆ ಓದಿ. ಮೂರು ಪ್ರಶ್ನೆ ಹಾಕಿಕೊಳ್ಳಿ. ಏನೂ ಬದಲಾಗಿಲ್ಲವಾ? ಹಾಗಿದ್ದರೆ "ಬದಲಾವಣೆ ಇಲ್ಲ" ಅನ್ನುವ ಸ್ವಯಂ ಘೋಷಣೆ ಸಾಕು. ನೋಂದಾಯಿತ ಮೊಬೈಲಿನಿಂದ, ನೋಂದಾಯಿತ ಇಮೇಲಿನಿಂದ, ಎಟಿಎಂನಲ್ಲಿ, ಆ್ಯಪ್‌ನಲ್ಲಿ, ಪತ್ರದಲ್ಲಿ, ಯಾವುದರಲ್ಲಾದರೂ ಕೊಡಬಹುದು. ದಾಖಲೆ ಬೇಡ. ವಿಳಾಸ ಮಾತ್ರ ಬದಲಾಗಿದೆಯಾ? ಆಗಲೂ ಸ್ವಯಂ ಘೋಷಣೆಯೇ, ಹೊಸ ವಿಳಾಸದ ಸಹಿತ. ಬ್ಯಾಂಕ್ ಬೇಕೆಂದರೆ ವಿಳಾಸದ ದಾಖಲೆ ಕೇಳಬಹುದು. ಇವೆರಡೂ ಅಲ್ಲ, ಹಳೆಯ ಕಡತವೇ ಈಗಿನ ನಿಯಮಕ್ಕೆ ಸಾಲದು ಅಥವಾ ಅಂದು ಕೊಟ್ಟ ದಾಖಲೆಯ ಅವಧಿ ಮುಗಿದಿದೆ ಅಂದರೆ ಮಾತ್ರ ಹೊಸ ಖಾತೆ ತೆರೆದಷ್ಟೇ ಪೂರ್ತಿ ಕೆವೈಸಿ. ವಿಡಿಯೋ ಆ ಮೂರನೆಯದಕ್ಕೂ ಆಗುತ್ತದೆ, ಆದರೆ ನಿಮ್ಮದು ಎರಡನೆಯದು.

ಆಧಾರ್‌ನಲ್ಲಿ ಬೆಂಗಳೂರು ವಿಳಾಸ ಆಗುವ ತನಕ ಕಾಯಬೇಕಾಗಿಲ್ಲ. ಶಾಖೆಯಲ್ಲಿ ಬೆರಳಚ್ಚಿನಿಂದ ಆಧಾರ್ ದೃಢೀಕರಣ ಮಾಡಿಸಿ, ಈಗ ಇರುವುದು ಬೇರೆ ವಿಳಾಸ ಅಂತ ಬರೆದುಕೊಡಬಹುದು. ಬೆರಳಚ್ಚಿಗೆ ಒಟಿಪಿ ಬೇಕಿಲ್ಲ, ಹಾಗಾಗಿ ನಂಬರಿನ ಜಗಳವೂ ಇಲ್ಲ. ದಾವಣಗೆರೆಗೆ ಹೋಗಬೇಕಾಗಿಯೂ ಇಲ್ಲ, ಆ ಬ್ಯಾಂಕಿನ ಬೆಂಗಳೂರಿನ ಯಾವ ಶಾಖೆಯಾದರೂ ಸರಿ.

ಮಂಗಳಗೌರಿ

ಒಂದು ತಿದ್ದುಪಡಿ, ಕೌಂಟರ್ ಸರ್. ಬರೀ ವಿಳಾಸದ ಘೋಷಣೆ ಕೊಟ್ಟರೆ ಅಲ್ಲಿಗೆ ಮುಗಿಯಲ್ಲ. ಎರಡು ತಿಂಗಳೊಳಗೆ ಬ್ಯಾಂಕ್ ಆ ವಿಳಾಸ ನಿಜವಾ ಅಂತ ದೃಢಪಡಿಸಿಕೊಳ್ಳಬೇಕು, ಸಾಮಾನ್ಯವಾಗಿ ಒಂದು ಪತ್ರ ಕಳಿಸಿ ಅಥವಾ ಮನುಷ್ಯರನ್ನು ಕಳಿಸಿ. ಎಡವೋದು ಇಲ್ಲೇ. ಅಪಾರ್ಟ್‌ಮೆಂಟಿನಲ್ಲಿ ಮನೆ ಮಗನ ಹೆಸರಲ್ಲಿ, ಪತ್ರ ಅಮ್ಮನ ಹೆಸರಿಗೆ. ಗೇಟಿನವರು "ಆ ಹೆಸರಿನವರು ಇಲ್ಲಿಲ್ಲ" ಅಂದರೆ ಅಂಚೆಯಣ್ಣ ವಾಪಸ್ ಒಯ್ಯುತ್ತಾನೆ. ಬ್ಯಾಂಕಿನ ಕಡತದಲ್ಲಿ ಅದು "ವಿಳಾಸ ದೃಢಪಟ್ಟಿಲ್ಲ" ಅಂತ ಕೂರುತ್ತೆ, ನಿಮಗೆ ಗೊತ್ತೇ ಆಗಲ್ಲ. ಘೋಷಣೆಯಲ್ಲಿ ವಿಳಾಸ ಬರೆಯುವಾಗ ಮಗನ ಹೆಸರಿನ "ಕೇರ್ ಆಫ್" ಹಾಕಿ, ಗೇಟಿನಲ್ಲೂ ಹೇಳಿಡಿ.

ಆಧಾರ್ ದೃಢೀಕರಣದ ಜೊತೆ ಕೊಟ್ಟ ವಿಳಾಸ ಘೋಷಣೆಗೆ ಈ ಪತ್ರದ ಪರಿಶೀಲನೆ ಬೇಕಿಲ್ಲ ಅಂತ ಆಧಾರ್ ಒಟಿಪಿ ದಾರಿಗೆ ಬರೆದಿದ್ದಾರೆ. ಬೆರಳಚ್ಚಿಗೂ ಹಾಗೇ ಅಂತ ಎಲ್ಲ ಶಾಖೆಯವರೂ ಒಪ್ಪಲ್ಲ.

ಕೌಂಟರ್ ನಂ. 4

ಅದನ್ನು ನಾನು ಬಿಟ್ಟಿದ್ದೆ, ಸರಿ. ಬೆರಳಚ್ಚಿನ ವಿಚಾರದಲ್ಲಿ ನನ್ನ ಅನಿಸಿಕೆ ನಿಮ್ಮದಕ್ಕಿಂತ ಬೇರೆ, ಮುಖಾಮುಖಿ ಬಂದವರಿಗೆ ಒಟಿಪಿಯವರಿಗಿಂತ ಹೆಚ್ಚು ಕಟ್ಟುನಿಟ್ಟು ಯಾಕೆ? ಆದರೆ ಕೌಂಟರಿನಲ್ಲಿ ವಾದ ಮಾಡುತ್ತಾ ಕೂರುವ ಬದಲು ಪತ್ರ ಬರುತ್ತದೆ ಅಂತಲೇ ಕಾದಿರಿ.

ಸೀದಾಮಾತು

ಸರಿ ಒಪ್ಪಿದೆ, ಕಡಿಮೆ ಅಪಾಯ ಮಾತ್ರ. ಆದ್ರೂ ಒಂದು ವರ್ಷ ಇದೆಯಲ್ಲ, ಈಗಲೇ ಯಾಕೆ ಓಡಾಟ? ಒಂದು ವೇಳೆ ಏನೂ ಮಾಡದೇ ಬಿಟ್ಟರೆ ನಿಜಕ್ಕೂ ಆಗೋದೇನು ಅಂತ ಯಾರೂ ಹೇಳ್ತಿಲ್ಲ.

ಕೌಂಟರ್ ನಂ. 4

ಹೇಳುತ್ತೇನೆ. ಮೊದಲು ನೋಟಿಸಿನ ಲೆಕ್ಕ. ಬಾಕಿ ದಿನಕ್ಕೆ ಮುಂಚೆ ಕನಿಷ್ಠ ಮೂರು ಸೂಚನೆ, ಅದರಲ್ಲಿ ಒಂದಾದರೂ ಅಂಚೆ ಪತ್ರ. ದಿನ ಕಳೆದ ಮೇಲೆ ಮತ್ತೆ ಕನಿಷ್ಠ ಮೂರು ನೆನಪೋಲೆ, ಅದರಲ್ಲೂ ಒಂದು ಪತ್ರ. ಏನು ಮಾಡಬೇಕು, ಯಾರನ್ನು ಕೇಳಬೇಕು, ಮಾಡದಿದ್ದರೆ ಏನಾಗುತ್ತದೆ, ಇದು ಸರಳವಾಗಿ ಅದರಲ್ಲಿರಬೇಕು. 2026ರ ಜನವರಿ 1ರೊಳಗೆ ಬ್ಯಾಂಕುಗಳು ಇದನ್ನು ಜಾರಿಗೆ ತರಬೇಕಿತ್ತು. ಹಾಗಾಗಿ ಒಂದೂ ಪತ್ರ ಬರದೆ ಒಂದು ಬೆಳಿಗ್ಗೆ ಎಟಿಎಂ ನಿಂತರೆ ನಿಮ್ಮ ಕೈಯಲ್ಲಿ ಬಲವಾದ ತಕರಾರು ಇದೆ.

ಅವಧಿ ಮುಗಿದ ಮೇಲೆ ನಿರ್ಬಂಧ ಹೇಗೆ ಬರುತ್ತದೆ ಅನ್ನುವುದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಕೆಲವು ಮೊದಲು ಆ್ಯಪ್, ನೆಟ್ ಬ್ಯಾಂಕಿಂಗ್ ನಿಲ್ಲಿಸುತ್ತವೆ, ಕೆಲವು ನೇರ ಖರ್ಚಿನ ಕಡೆ ಬೀಗ ಹಾಕುತ್ತವೆ. ಖರ್ಚಿನ ಕಡೆ ಮಾತ್ರ ಬೀಗ ಬಿದ್ದಿದ್ದರೆ ಪಿಂಚಣಿ ಜಮೆ ಆಗುತ್ತಲೇ ಇರುತ್ತದೆ, ಎಸ್ಸೆಮ್ಮೆಸ್ಸೂ ಬರುತ್ತದೆ, ಅದಕ್ಕೇ ಮನೆಯವರಿಗೆ ಏನೂ ಆಗಿಲ್ಲ ಅನಿಸುತ್ತದೆ. ತೊಂದರೆ ಕಾಣುವುದು ವಿಮೆಯ ಕಂತಿನ ದಿನ. ಕಡಿತಕ್ಕೆ ಬಂದ ಬೇಡಿಕೆ ವಾಪಸ್ ಹೋಗುತ್ತದೆ, ವಿಮಾ ಕಂಪನಿಗೆ ಕಾಣುವುದು ಕಂತು ಬಂದಿಲ್ಲ ಅನ್ನುವುದು ಮಾತ್ರ. ಆರೋಗ್ಯ ವಿಮೆಯ ಗ್ರೇಸ್ ಅವಧಿ ಮುಗಿದರೆ ಕಾಯುವ ಅವಧಿಯ ಲಾಭವೆಲ್ಲ ಹೋಗಬಹುದು. ಬೆಣ್ಣೆದೋಸೆ ಅವರಿಗೆ ನಾನಾದರೆ ಹೆದರುವುದು ಪಿಂಚಣಿಗಲ್ಲ, ಇದಕ್ಕೆ.

ಎಫ್‌ಡಿ ಬಗ್ಗೆ: ಕೆವೈಸಿ ಖಾತೆಗಲ್ಲ, ಗ್ರಾಹಕ ಸಂಖ್ಯೆಗೆ. ಒಂದು ಸಲ ಮಾಡಿಸಿದರೆ ಆ ಬ್ಯಾಂಕಿನಲ್ಲಿರುವ ಉಳಿತಾಯ, ಎಫ್‌ಡಿ ಎಲ್ಲಕ್ಕೂ ಆಯಿತು. ಬೀಗ ಬಿದ್ದರೂ ಹಾಗೆಯೇ ಒಟ್ಟಿಗೆ ಬೀಳಬಹುದು. ಹಣ ಮಾತ್ರ ಎಲ್ಲೂ ಹೋಗುವುದಿಲ್ಲ. ಇದು ಎರಡು ವರ್ಷ ವಹಿವಾಟಿಲ್ಲದೆ ನಿಷ್ಕ್ರಿಯ ಆಗುವ ಖಾತೆಯ ಕತೆ ಅಲ್ಲ, ಅದು ಬೇರೆ ವಿಷಯ, ಗೊಂದಲ ಬೇಡ.

ಧಾರವಾಡದಾಂವ

ಆ ಎರಡನೇ ಎಸ್ಸೆಮ್ಮೆಸ್ ಯಾವ ನಂಬರಿನಿಂದ ಬಂದೈತಿ ನೋಡ್ರಿ ಅಣ್ಣಾ. ನಮ್ ಕಡೆ ಇದ ಹೆಸರಿನ ಮ್ಯಾಲ ಭಾಳ ಮಂದಿ ರೊಕ್ಕಾ ಕಳಕೊಂಡಾರ.

ಬೆಣ್ಣೆದೋಸೆ

ನೋಡಿದೆ. ಒಂದು ಬ್ಯಾಂಕಿನ ಹೆಸರಿರುವ ಹೆಡರಿನಿಂದ, ಕೊನೆಯಲ್ಲಿ `-S` ಇದೆ. ಇನ್ನೊಂದು ಮಾಮೂಲಿ ಹತ್ತಂಕಿ ಮೊಬೈಲ್ ನಂಬರಿನಿಂದ, "ಇಂದು ರಾತ್ರಿ ಖಾತೆ ಬಂದ್" ಅಂತ, ಜೊತೆಗೆ `.apk` ಫೈಲಿನ ಲಿಂಕ್. ಇದುವರೆಗೂ ಎರಡೂ ಬ್ಯಾಂಕಿನದ್ದೇ ಅಂದ್ಕೊಂಡಿದ್ದೆ. ಲಿಂಕ್ ಒತ್ತಿಲ್ಲ.

ನೆಟ್‌ವರ್ಕ್ ಇಲ್ಲ

ಒತ್ತದೇ ಉಳಿದಿರಿ. ಆ ಫೈಲ್ ಹಾಕಿಕೊಂಡರೆ ಎಸ್ಸೆಮ್ಮೆಸ್ ಓದುವ ಅನುಮತಿ ಕೇಳುತ್ತೆ, ಕೊಟ್ಟ ಮೇಲೆ ಒಟಿಪಿ ನಿಮಗಿಂತ ಮೊದಲು ಅವರಿಗೆ. ವಾಟ್ಸ್ಆ್ಯಪ್‌ನಲ್ಲಿ ಬರೋ "ವಿಡಿಯೋ ಕೆವೈಸಿ" ಕರೆನೂ ಹಾಗೇ. ನಿಜವಾದ ವಿಡಿಯೋ ಕೆವೈಸಿ ಬ್ಯಾಂಕಿನ ಸ್ವಂತ ಡೊಮೈನಿನಿಂದಲೇ ಶುರುವಾಗಬೇಕು ಅನ್ನೋದು ನಿಯಮ. ಬ್ಯಾಂಕುಗಳ ಜಾಲತಾಣ ಈಗ `.bank.in` ಅಂತ ಮುಗಿಯುತ್ತೆ. ಕೊನೆಯ ದಿನಾಂಕ "ಇಂದು ರಾತ್ರಿ" ಅಂತಿದ್ದರೆ ಅದು ಬ್ಯಾಂಕಿನದ್ದಲ್ಲ, ಮೂರು ಸೂಚನೆ, ಪತ್ರ ಅಂತ ಮೇಲೆ ಹೇಳಿದ್ದಾರಲ್ಲ. ಯಾರಾದರೂ ಒತ್ತಿ ಹಣ ಹೋಗಿದ್ದರೆ ಬ್ಯಾಂಕಿಗೆ ತಿಳಿಸಿ, ತಡ ಮಾಡದೆ 1930ಕ್ಕೆ ಕರೆ ಮಾಡಿ.

ಬೆಣ್ಣೆದೋಸೆ

ಇವತ್ತು ಮನೆ ಹತ್ತಿರದ ಶಾಖೆಗೆ ಆಟೋದಲ್ಲಿ ಕರೆದುಕೊಂಡು ಹೋಗಿದ್ದೆ. ಮೊದಲು ನಿಮ್ಮ ಮೂಲ ಶಾಖೆಗೇ ಹೋಗಿ ಅಂದರು. ಯಾವ ಶಾಖೆಯಲ್ಲಾದರೂ ಕೊಡಬಹುದಲ್ಲ ಅಂತ ಕೇಳಿದ ಮೇಲೆ ಒಳಗೆ ಹೋಗಿ ಬಂದು ತಗೊಂಡರು. ಬೆರಳಚ್ಚು ಎರಡನೇ ಬೆರಳಿಗೆ ಬಂತು. ವಿಳಾಸದ ಘೋಷಣೆ ಬರೆದುಕೊಟ್ಟೆವು. ಪ್ಯಾನ್ ಹೆಸರಿಗೆ ಒಂದು ಘೋಷಣೆ ತಗೊಂಡಿದ್ದಾರೆ, ಆದರೆ ಸಿಸ್ಟಮ್ ಒಪ್ಪಿದರೆ ಮಾತ್ರ ಅಂದರು.

ಮಂಗಳಗೌರಿ

ಸ್ವೀಕೃತಿ ಕೊಟ್ಟರಾ?

ಬೆಣ್ಣೆದೋಸೆ

"ಬೇಕಿಲ್ಲ, ಮೆಸೇಜ್ ಬರುತ್ತೆ" ಅಂದರು.

ಮಂಗಳಗೌರಿ

ಬೇಕು. ಸ್ವಯಂ ಘೋಷಣೆ ಕೊಟ್ಟರೂ ದಿನಾಂಕ ಹಾಕಿದ ಸ್ವೀಕೃತಿ ಕೊಡಬೇಕು, ಕಡತದಲ್ಲಿ ನವೀಕರಣ ಆದ ಮೇಲೆ ಆ ದಿನಾಂಕವನ್ನೂ ತಿಳಿಸಬೇಕು. ಇವೆರಡೂ ಬೇರೆ ಬೇರೆ. ಜನ ಮೊದಲನೇದು ಸಿಕ್ಕ ತಕ್ಷಣ ಆಯ್ತು ಅಂದ್ಕೊಳ್ತಾರೆ. ವಿಡಿಯೋದಲ್ಲೂ ಹಾಗೇ, ಅಧಿಕಾರಿ "ಥ್ಯಾಂಕ್ಯೂ" ಅಂದ ಮೇಲೆ ಇನ್ನೊಬ್ಬರು ಅದನ್ನ ಪರಿಶೀಲಿಸಬೇಕು, ಅಲ್ಲೂ ಬಿದ್ದುಹೋಗಬಹುದು. ನಾಳೆ ಘೋಷಣೆಯ ನಕಲಿನ ಮೇಲೆ ಮುದ್ರೆ, ದಿನಾಂಕ ಹಾಕಿಸಿಕೊಂಡು ಬನ್ನಿ, ಅಮ್ಮ ಬರಬೇಕಿಲ್ಲ.

ಕೌಂಟರ್ ನಂ. 4

ಆ ಮುದ್ರೆಯ ದಿನಾಂಕವೇ ಮುಂದಿನ ದಾರಿಗೆ ಆಧಾರ. ಮುಂದೇನಾದರೂ ತೊಂದರೆಯಾಗಿ ದೂರು ಕೊಟ್ಟು, ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ `cms.rbi.org.in` ನಲ್ಲಿ ಒಂಬುಡ್ಸ್‌ಮನ್‌ಗೆ ಹಾಕಬಹುದು. ಪ್ಯಾನ್ ತಿದ್ದುಪಡಿಗೆ ಮಾತ್ರ ಈಗಲೇ ಅರ್ಜಿ ಹಾಕಿಬಿಡಿ, ಸಿಸ್ಟಮ್ ಒಪ್ಪುತ್ತದೋ ಇಲ್ಲವೋ ಅಂತ ಕಾಯಬೇಡಿ.

ಪಿಂಚಣಿದಾರ

ತಿದ್ದುವಾಗ ಕೆ ಅಂದರೆ ಏನಂತ ಬರೆಸುತ್ತೀರಿ? ಊರಿನ ಹೆಸರನ್ನ ಸರ್‌ನೇಮ್ ಜಾಗದಲ್ಲಿ ಹಾಕಿದರೆ ಮುಂದೆ ಇನ್ನೆಲ್ಲೋ ಸಿಕ್ಕಿಹಾಕಿಕೊಳ್ಳುತ್ತೆ.

ಬೆಣ್ಣೆದೋಸೆ

ಅದೇ ಗೊತ್ತಾಗ್ತಿಲ್ಲ ಸರ್. ಕೆ ಅಂದರೆ ಕೊಂಡಜ್ಜಿ ಅಂತ ಅಮ್ಮ, ಇಲ್ಲ ಅದು ಮುತ್ತಜ್ಜನ ಹೆಸರು ಅಂತ ಸೋದರಮಾವ. ಮೊದಲು ಅದು ತೀರ್ಮಾನ ಆಗಲಿ.